ಲಂಡನ್ ವಕೀಲರ ಮೇಲ್, ಗೊತ್ತಿಲ್ಲದ ಬಂಧುವಿನ ಕೋಟಿಗಟ್ಟಲೆ ಹಣ: ಶುಲ್ಕ ಕಟ್ಟುವ ಮುಂಚೆ ಹೀಗೆ ಪರೀಕ್ಷೆ ಮಾಡಿ

ನಮ್ಮ ಚಿಕ್ಕಪ್ಪನ ಹೆಸರು ರಂಗಪ್ಪ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ರಿಟೈರ್ ಆದವರು, ಅರಸೀಕೆರೆ ಕಡೆ ಇದ್ದಾರೆ. ಒಂದು ದಿನ ಅವರಿಗೆ ಲಂಡನ್ನಿನ 'ಬ್ಯಾರಿಸ್ಟರ್' ಒಬ್ಬರಿಂದ ಮೇಲ್ ಬಂತು. ಇಂಜಿನಿಯರ್ ಮೈಕಲ್ ರಂಗಪ್ಪ ಅನ್ನುವವರು ಹೆಂಡತಿ ಮಕ್ಕಳ ಸಮೇತ ಕಾರು ಅಪಘಾತದಲ್ಲಿ ತೀರಿಹೋಗಿದ್ದಾರಂತೆ. ಬ್ಯಾಂಕಿನಲ್ಲಿ 85 ಲಕ್ಷ ಪೌಂಡ್ ಇದೆಯಂತೆ, ಕೇಳುವವರು ಯಾರೂ ಇಲ್ಲವಂತೆ. 'ನಿಮ್ಮದೂ ಅದೇ ಸರ್‌ನೇಮ್ ಆಗಿರುವುದರಿಂದ ನೀವೇ ವಾರಸುದಾರರೆಂದು ತೋರಿಸೋಣ, 60 ಭಾಗ ನಿಮಗೆ, 40 ಭಾಗ ನನಗೆ. ಸದ್ಯಕ್ಕೆ ಯಾರಿಗೂ ಹೇಳಬೇಡಿ' ಅಂತ ಬರೆದಿತ್ತು.

ಚಿಕ್ಕಪ್ಪ ಯಾರಿಗೂ ಹೇಳಲಿಲ್ಲ. ಚಿಕ್ಕಮ್ಮನಿಗೂ. ನಮಗೆ ಗೊತ್ತಾಗುವ ಹೊತ್ತಿಗೆ ಎರಡು ಸಲ ಹಣ ಕಳಿಸಿ ಆಗಿತ್ತು.

ಆಮೇಲೆ ಅವರೂ ನಾನೂ ಕೂತು ಆ ಮೇಲ್‌ಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಿದೆವು. ಆ ಕೆಲಸ ಮುಂಚೆಯೇ ಮಾಡಿದ್ದರೆ ಅರ್ಧ ಗಂಟೆ ಸಾಕಿತ್ತು. ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮಗೋ ನಿಮ್ಮ ಮನೆಯ ಹಿರಿಯರಿಗೋ ಇಂಥ ಮೇಲ್ ಬಂದಿದ್ದರೆ, ಉತ್ತರ ಬರೆಯದೆ ಹಾಗೇ ಇಟ್ಟುಕೊಂಡು ಇದರ ಪ್ರಕಾರ ನೋಡುತ್ತಾ ಹೋಗಿ.

ಮೊದಲು ಹೆಸರು ನೋಡಿ

ಕಂಪ್ಯೂಟರ್ ಎಲ್ಲಾ ಆಮೇಲೆ. ಮೊದಲು ಕತೆ ನೋಡಿ. ರಂಗಪ್ಪ ಅನ್ನುವುದು ನಮ್ಮ ಚಿಕ್ಕಪ್ಪನ ಸ್ವಂತ ಹೆಸರು, ಮನೆತನದ ಹೆಸರಲ್ಲ. ಅವರಪ್ಪನ ಹೆಸರು ಬೇರೆ, ಮಕ್ಕಳ ಹೆಸರಿನಲ್ಲೂ ರಂಗಪ್ಪ ಬರುವುದು ಒಂದು ಇನಿಷಿಯಲ್ ಆಗಿ ಮಾತ್ರ. ಜಿಮೇಲ್ ಖಾತೆ ತೆರೆಯುವಾಗ 'ಲಾಸ್ಟ್ ನೇಮ್' ಅಂತ ಕೇಳಿತು, ಅಲ್ಲಿ ಏನೋ ಒಂದು ತುಂಬಬೇಕಿತ್ತು, ರಂಗಪ್ಪ ಅಂತ ತುಂಬಿದ್ದರು. ವಂಚಕರ ಸಾಫ್ಟ್‌ವೇರ್ ಆ ಜಾಗದಲ್ಲಿದ್ದ ಪದವನ್ನು ಎತ್ತಿಕೊಂಡು ಮೈಕಲ್ ಪಕ್ಕ ಅಂಟಿಸಿದೆ, ಅಷ್ಟೇ. ಲಾಸ್ಟ್ ನೇಮ್ ಜಾಗದಲ್ಲಿ ಊರಿನ ಹೆಸರು ಹಾಕಿಕೊಂಡವರು ನಮ್ಮಲ್ಲಿ ಎಷ್ಟು ಜನ ಇಲ್ಲ ಹೇಳಿ. ಅಂಥವರಿಗೆ ಊರಿನ ಹೆಸರಿನ ಇಂಗ್ಲಿಷ್ ಬಂಧುವೇ ಹುಟ್ಟಿಕೊಳ್ಳುತ್ತಾನೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಸರ್‌ನೇಮ್ ಒಂದೇ ಆಗಿದ್ದರೂ ಅದರಿಂದ ಯಾರಿಗೂ ಆಸ್ತಿ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಉಯಿಲು ಬರೆಯದೆ ಸತ್ತವರ ಆಸ್ತಿ ಯಾರಿಗೆ ಅನ್ನುವುದಕ್ಕೆ ಕಾನೂನಿನಲ್ಲೇ ಸಾಲು ಇದೆ. ಗಂಡ ಅಥವಾ ಹೆಂಡತಿ, ಮಕ್ಕಳು, ಅಪ್ಪ ಅಮ್ಮ, ಒಡಹುಟ್ಟಿದವರು, ಅಜ್ಜ ಅಜ್ಜಿ, ಆಮೇಲೆ ಚಿಕ್ಕಪ್ಪ ದೊಡ್ಡಪ್ಪ ಸೋದರತ್ತೆ ಹೀಗೆ. ಇವರ್ಯಾರೂ ಇಲ್ಲದಿದ್ದರೆ ಆಸ್ತಿ ಸರ್ಕಾರಕ್ಕೆ ಹೋಗುತ್ತದೆ. ಅಂಥ ವಾರಸುದಾರರಿಲ್ಲದ ಆಸ್ತಿಗಳನ್ನು ನೋಡಿಕೊಳ್ಳುವ ಬ್ರಿಟಿಷ್ ಸರ್ಕಾರದ ವಿಭಾಗದ ವಿವರ gov.uk ನಲ್ಲಿದೆ. 'Bona Vacantia' ಅಂತ ಹುಡುಕಿದರೆ ಸಿಗುತ್ತದೆ, ನೋಡಲು ದುಡ್ಡು ಕೊಡಬೇಕಾಗಿಲ್ಲ. ವಕೀಲರೊಬ್ಬರು ತಮಗೆ ಬೇಕಾದವರನ್ನು ಹುಡುಕಿ ವಾರಸುದಾರರ ಜಾಗದಲ್ಲಿ ಕೂರಿಸುವ ಏರ್ಪಾಡು ಯಾವ ದೇಶದಲ್ಲೂ ಇಲ್ಲ. ಹಾಗೆ ಮಾಡೋಣ ಅಂತ ಕರೆದರೆ ಅದು ಸುಳ್ಳು ದಾಖಲೆ ಸೃಷ್ಟಿಸೋಣ ಬನ್ನಿ ಅಂತ ಕರೆದ ಹಾಗೆ. ಇದರಿಂದ ಅವರಿಗೆ ಇನ್ನೊಂದು ಲಾಭವೂ ಇದೆ. ಮೋಸ ಹೋದವರು 'ನಾನೂ ಇದರಲ್ಲಿ ಪಾಲುದಾರ' ಅಂತ ಹೆದರಿ ಪೊಲೀಸರ ಹತ್ತಿರ ಹೋಗುವುದಿಲ್ಲ. ಚಿಕ್ಕಪ್ಪ ಹೆದರಿದ್ದೂ ಅದಕ್ಕೇ.

ಮೇಲ್ ಜೊತೆ ಅಪಘಾತದ ಸುದ್ದಿಯ ಲಿಂಕ್ ಕೊಟ್ಟಿದ್ದರೆ, ಸುದ್ದಿ ನಿಜ ಇದ್ದರೂ ನಂಬಬೇಡಿ. 2000ದ ಜುಲೈನಲ್ಲಿ ಪ್ಯಾರಿಸ್ ಹತ್ತಿರ ಕಾಂಕಾರ್ಡ್ ವಿಮಾನ ಬಿತ್ತಲ್ಲ, ಅದರಲ್ಲಿ ಸತ್ತವರ ಹೆಸರು ಬಳಸಿ ವರ್ಷಗಟ್ಟಲೆ ಇಂಥ ಪತ್ರಗಳು ಓಡಾಡಿದವು. ಸಾವು ನಿಜ, ಸುದ್ದಿ ನಿಜ, ಖಾತೆ ಮಾತ್ರ ಸುಳ್ಳು.

ಮೇಲ್ ಎಲ್ಲಿಂದ ಬಂತು ಅಂತ ನೋಡುವುದು

ಜಿಮೇಲ್ ಅನ್ನು ಕಂಪ್ಯೂಟರಿನ ಬ್ರೌಸರ್‌ನಲ್ಲಿ ತೆರೆಯಿರಿ, ಮೊಬೈಲ್ ಆ್ಯಪ್‌ನಲ್ಲಿ ಇದು ಸಿಗುವುದಿಲ್ಲ. ಮೇಲ್‌ನ ಬಲಗಡೆ ಇರುವ ಮೂರು ಚುಕ್ಕೆ ಒತ್ತಿ Show original ಆರಿಸಿ. ಉದ್ದಕ್ಕೆ ಏನೇನೋ ಬರುತ್ತದೆ, ಗಾಬರಿಯಾಗಬೇಡಿ. ನೋಡಬೇಕಾದ್ದು ಮೂರು ನಾಲ್ಕು ಸಾಲು. ಚಿಕ್ಕಪ್ಪನ ಮೇಲ್‌ನಲ್ಲಿ ಇದ್ದದ್ದು ಸುಮಾರು ಹೀಗೆ (ವಿಳಾಸಗಳನ್ನು ಬದಲಾಯಿಸಿದ್ದೇನೆ):

```
From: "Chambers Solicitors London" <info@chambers.example>
Reply-To: barr.desk@freemail.example
Return-Path: <office@school.example>
spf=softfail
```

ಮೇಲಿನ ಸಾಲಿನಲ್ಲಿ ಲಂಡನ್ ಕಚೇರಿಯ ಹೆಸರಿದೆ. ಆದರೆ ನೀವು ರಿಪ್ಲೈ ಒತ್ತಿದರೆ ಉತ್ತರ ಹೋಗುವುದು ಎರಡನೇ ಸಾಲಿನ ವಿಳಾಸಕ್ಕೆ, ಯಾರು ಬೇಕಾದರೂ ತೆರೆಯಬಹುದಾದ ಪುಕ್ಕಟೆ ಖಾತೆಗೆ. ಮೂರನೇ ಸಾಲು ಇನ್ನೂ ಮಜಾ. ಯಾವುದೋ ಶಾಲೆಯೊಂದರ ವಿಳಾಸವನ್ನು ತಮ್ಮದು ಅಂತ ಹಾಕಿಕೊಂಡು ಕಳಿಸಿರುವ ಹಾಗೆ ಕಾಣುತ್ತದೆ. ಕೊನೇ ಸಾಲಿನ softfail ಅಂದರೆ, ಈ ಸರ್ವರಿನಿಂದ ಮೇಲ್ ಕಳಿಸಲು ಮೂರನೇ ಸಾಲಿನ ವಿಳಾಸದಲ್ಲಿ @ ಆದಮೇಲೆ ಬರುವ ಡೊಮೇನ್‌ನವರು ಒಪ್ಪಿಗೆ ಕೊಟ್ಟ ಹಾಗಿಲ್ಲ ಅಂತ.

ಇಲ್ಲಿ ಒಂದು ಎಚ್ಚರ. ಅಲ್ಲಿ pass ಅಂತ ಇದ್ದರೆ ಮೇಲ್ ಅಸಲಿ ಅಂತ ಅಲ್ಲ. ಆ ಡೊಮೇನಿನಿಂದಲೇ ಬಂದಿದೆ ಅಂತ ಮಾತ್ರ. ವಂಚಕ ತಾನೇ ಒಂದು ಡೊಮೇನ್ ಕೊಂಡಿದ್ದರೆ ಎಲ್ಲವೂ ಸಲೀಸಾಗಿ pass ಆಗುತ್ತದೆ. ಆಗ lookup.icann.org ಗೆ ಹೋಗಿ ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಭಾಗ ಹಾಕಿ, ಡೊಮೇನ್ ಯಾವಾಗ ನೋಂದಣಿ ಆಯಿತು ಅಂತ ನೋಡಿ. '1962ರಿಂದ ಸೇವೆಯಲ್ಲಿ' ಅಂತ ಬರೆದುಕೊಂಡ ಕಚೇರಿಯ ಡೊಮೇನ್ ಹೋದ ತಿಂಗಳು ಹುಟ್ಟಿದ್ದರೆ ಮುಂದೆ ನೋಡುವ ಕಷ್ಟ ಉಳಿಯಿತು.

ಫೋನ್ ನಂಬರ್ +44 70 ಅಂತ ಶುರುವಾದರೂ ಅನುಮಾನಪಡಿ. +44 ಅಂದರೆ ಬ್ರಿಟನ್, ನಿಜ. ಆದರೆ 70ರ ನಂಬರುಗಳು ಕರೆಯನ್ನು ಪ್ರಪಂಚದ ಯಾವ ಮೂಲೆಗೆ ಬೇಕಾದರೂ ತಿರುಗಿಸಬಲ್ಲ 'ಪರ್ಸನಲ್' ನಂಬರುಗಳು. ವಕೀಲರ ಕಚೇರಿಗೆ ಅದು ಬೇಕಾಗಿಲ್ಲ.

ವಕೀಲರು ಇದ್ದಾರಾ, ಇದ್ದರೆ ಅವರೇ ಇವರಾ

ಈ ಎರಡು ಪ್ರಶ್ನೆ ಬೇರೆ ಬೇರೆ. ಬಹಳಷ್ಟು ಜನ ಮೊದಲನೇದಕ್ಕೆ ಉತ್ತರ ಸಿಕ್ಕಿದ ಕೂಡಲೇ ನಿಂತುಬಿಡುತ್ತಾರೆ.

ಇಂಗ್ಲೆಂಡಿನಲ್ಲಿ ಸತ್ತವರ ಆಸ್ತಿ ವಿಲೇವಾರಿ ಕೆಲಸ ಸಾಮಾನ್ಯವಾಗಿ ಸಾಲಿಸಿಟರ್‌ಗಳದ್ದು. ಕೋರ್ಟಿನಲ್ಲಿ ವಾದ ಮಾಡುವವರು ಬ್ಯಾರಿಸ್ಟರ್‌ಗಳು. 'ಬ್ಯಾರಿಸ್ಟರ್' ಅಂತ ಹೇಳಿಕೊಂಡು ನೇರವಾಗಿ ಬ್ಯಾಂಕ್ ಹಣದ ಬಗ್ಗೆ ಮೇಲ್ ಬರೆದರೆ ಅಲ್ಲೇ ಒಂದು ತಾಳ ತಪ್ಪಿದೆ. ಸಾಲಿಸಿಟರ್‌ಗಳ ಪಟ್ಟಿ ಅವರ ಮೇಲ್ವಿಚಾರಣೆ ಮಾಡುವ SRA ಸಂಸ್ಥೆಯ sra.org.uk ನಲ್ಲಿ, ಬ್ಯಾರಿಸ್ಟರ್‌ಗಳದ್ದು barstandardsboard.org.uk ನಲ್ಲಿ ಇದೆ. ಹೆಸರು ಹಾಕಿ ಹುಡುಕಿದರೆ ಆಯಿತು. SRA ಸೈಟಿನಲ್ಲೇ ನಕಲಿ ಕಚೇರಿಗಳ ಎಚ್ಚರಿಕೆಗಳೂ ಇರುತ್ತವೆ. ಅಲ್ಲೂ ಒಮ್ಮೆ ಹುಡುಕಿ, ಸಾಕಷ್ಟು ಸಲ ಅಲ್ಲೇ ಕತೆ ಮುಗಿಯುತ್ತದೆ.

ಹೆಸರು ಪಟ್ಟಿಯಲ್ಲಿ ಸಿಕ್ಕಿತು ಅಂದುಕೊಳ್ಳಿ. ಆಗ ಖುಷಿಪಡಬೇಡಿ. ನಿಜವಾದ ವಕೀಲರ ಹೆಸರು, ನಂಬರ್, ಫೋಟೊ ಎಲ್ಲ ಕದ್ದು ಬಳಸುವುದು ಇವರಿಗೆ ಮಾಮೂಲಿ. ಮಾಡಬೇಕಾದ್ದು ಇಷ್ಟು: ಮೇಲ್‌ನಲ್ಲಿ ಕೊಟ್ಟ ನಂಬರಿಗೆ ಫೋನ್ ಮಾಡದೆ, ಪಟ್ಟಿಯಲ್ಲಿರುವ ಕಚೇರಿಯ ನಂಬರಿಗೆ ಮಾಡಿ 'ಈ ಹೆಸರಿನ ಆಸ್ತಿ ವಿಷಯ ನೀವು ನೋಡುತ್ತಿದ್ದೀರಾ' ಅಂತ ಕೇಳುವುದು. ಇಂಗ್ಲಿಷ್‌ನಲ್ಲಿ ಮಾತಾಡಲು ಹಿಂಜರಿಕೆ ಇದ್ದರೆ ಪಟ್ಟಿಯಲ್ಲಿರುವ ಮೇಲ್ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಸಾಲಿಸಿಟರ್ ಕಚೇರಿಯ ವೆಬ್‌ಸೈಟಿನಲ್ಲಿ SRA ದ ಬ್ಯಾಡ್ಜ್ ಇರಲೇಬೇಕು ಅನ್ನುವ ನಿಯಮ 2019ರ ನವೆಂಬರ್‌ನಿಂದ ಇದೆ. ಅದನ್ನು ಒತ್ತಿದಾಗ SRA ದ ಪುಟ ತೆರೆಯಬೇಕು. ನಕಲಿ ಸೈಟಿನಲ್ಲಿ ಬರೀ ಚಿತ್ರ ಅಂಟಿಸಿರುತ್ತಾರೆ, ಒತ್ತಿದರೆ ಏನೂ ಆಗುವುದಿಲ್ಲ.

ಶುಲ್ಕ ಯಾರು ಕೊಡಬೇಕು, ಎಲ್ಲಿಗೆ ಹೋಗುತ್ತಿದೆ

ಬೇರೆ ಎಲ್ಲ ಪರೀಕ್ಷೆ ಬಿಟ್ಟರೂ ಇದೊಂದನ್ನು ಬಿಡಬೇಡಿ. ನಿಜವಾದ ಆಸ್ತಿಯಲ್ಲಿ ಸಾಲ, ತೆರಿಗೆ, ವಕೀಲರ ಫೀಜು ಎಲ್ಲವೂ ಸತ್ತವರ ಆಸ್ತಿಯಿಂದಲೇ ಕಳೆಯುತ್ತದೆ. ಬ್ರಿಟನ್ನಿನಲ್ಲಿ 3,25,000 ಪೌಂಡ್ ದಾಟಿದ ಭಾಗದ ಮೇಲೆ ಸಾಮಾನ್ಯವಾಗಿ ಶೇಕಡ 40ರಷ್ಟು ವಾರಸು ತೆರಿಗೆ ಇದೆ, ಭಾರೀ ಮೊತ್ತವೇ. ಆದರೂ ಅದನ್ನು ಕಟ್ಟುವ ಜವಾಬ್ದಾರಿ ಆಸ್ತಿ ನೋಡಿಕೊಳ್ಳುವ ಎಕ್ಸಿಕ್ಯೂಟರ್‌ದು. ಅದೆಲ್ಲ ಕಳೆದು ಉಳಿದದ್ದು ವಾರಸುದಾರರಿಗೆ ಬರುತ್ತದೆ. 85 ಲಕ್ಷ ಪೌಂಡ್ ಇಟ್ಟುಕೊಂಡವನ ಆಸ್ತಿಯಿಂದ, ಮೊದಲ ಶುಲ್ಕ ಅಂತ ಇವರು ಕೇಳಿದ 18,500 ರೂಪಾಯಿ ಹುಟ್ಟುವುದಿಲ್ಲವಾ? ಈ ಪ್ರಶ್ನೆಯನ್ನು ಚಿಕ್ಕಪ್ಪ ಕೇಳಿದ್ದರಂತೆ. 'ಹಣ ಫ್ರೀಜ್ ಆಗಿರುವುದರಿಂದ ಕಾನೂನು ಪ್ರಕಾರ ಮುಟ್ಟುವ ಹಾಗಿಲ್ಲ' ಅಂತ ತಯಾರಿದ್ದ ಉತ್ತರ ಬಂತು.

ಆ 18,500 'ಅಫಿಡವಿಟ್ ಶುಲ್ಕ'. ಅದು ಹೋದದ್ದು ಲಂಡನ್ನಿಗೆ ಅಲ್ಲ, ಬೇರೆ ರಾಜ್ಯದಲ್ಲಿರುವ ಯಾರೋ ಒಬ್ಬರ ಉಳಿತಾಯ ಖಾತೆಗೆ. 'ಭಾರತದಲ್ಲಿ ನಮ್ಮ ಏಜೆಂಟ್' ಅಂತ ಹೇಳಿದ್ದರು. ಇಂಥ ಖಾತೆಗಳಿಗೆ ಪೊಲೀಸರು 'ಮ್ಯೂಲ್ ಖಾತೆ' ಅನ್ನುತ್ತಾರೆ, ಕಮಿಷನ್ ಆಸೆಗೆ ತಮ್ಮ ಪಾಸ್‌ಬುಕ್ಕು, ಎಟಿಎಂ ಕಾರ್ಡು ಬೇರೆಯವರ ಕೈಗೆ ಕೊಟ್ಟವರ ಖಾತೆಗಳು. ಶುಲ್ಕ ಕಟ್ಟುವ ಖಾತೆಯ ಹೆಸರನ್ನೂ ಐಎಫ್‌ಎಸ್‌ಸಿ ಕೋಡನ್ನೂ ಒಮ್ಮೆ ನೋಡಿ. ಲಂಡನ್ ಕಚೇರಿಯ ಫೀಜಿಗೆ ಭಾರತದ ಸಣ್ಣ ಊರಿನ ಬ್ರಾಂಚು, ಖಾತೆ ಒಬ್ಬ ವ್ಯಕ್ತಿಯದು ಅಂದರೆ ಬೇರೆ ಸಾಕ್ಷಿ ಬೇಕಾ?

ಹತ್ತು ದಿನದಲ್ಲಿ ಎರಡನೇ ಬೇಡಿಕೆ ಬಂತು. ಈ ಸಲ ಅವರಿಗೆ ಒಂದು 'ಬ್ಯಾಂಕ್' ವೆಬ್‌ಸೈಟಿನ ಲಾಗಿನ್ ಕೊಟ್ಟರು. ಒಳಗೆ ಹೋದರೆ ಅವರ ಹೆಸರು, ಅದರ ಕೆಳಗೆ ಪೂರಾ ಪೌಂಡ್ ಮೊತ್ತ. ಟ್ರಾನ್ಸ್‌ಫರ್ ಒತ್ತಿದರೆ ಹಸಿರು ಪಟ್ಟಿಯೊಂದು ನಿಧಾನಕ್ಕೆ ಓಡಿ 87 ಪರ್ಸೆಂಟಿಗೆ ನಿಂತಿತು. ಕೆಳಗೆ 'COT ಕೋಡ್ ಹಾಕಿ' ಅಂತ ಬಂತು. ಆ ಕೋಡಿಗೆ 46,000 ರೂಪಾಯಿ. 'ಕಣ್ಣಾರೆ ನೋಡಿದೆ ಕಣಪ್ಪ, ದುಡ್ಡು ಅಲ್ಲೇ ಇತ್ತು' ಅಂತ ಚಿಕ್ಕಪ್ಪ ಈಗಲೂ ಹೇಳುತ್ತಾರೆ. ಆ ಪುಟ ಮಾಡುವುದು ಹುಡುಗರ ಕಾಲೇಜು ಪ್ರಾಜೆಕ್ಟಿನಷ್ಟೇ ಸುಲಭ. 87ಕ್ಕೆ ನಿಲ್ಲಬೇಕು ಅಂತ ಮುಂಚೆಯೇ ಬರೆದಿಟ್ಟಿರುತ್ತಾರೆ. ಕೋಡ್ ಕೊಂಡು ಹಾಕಿದರೆ 94ಕ್ಕೆ ನಿಲ್ಲುತ್ತದೆ, ಆಗ ಇನ್ನೊಂದು ಸರ್ಟಿಫಿಕೇಟು.

ಮೂರನೇದು 1,20,000, 'ರಿಸರ್ವ್ ಬ್ಯಾಂಕ್ ಕ್ಲಿಯರೆನ್ಸ್'. ಗವರ್ನರ್ ಸಹಿ, ಸೀಲು, ಲೋಗೊ ಇರುವ ಪತ್ರವನ್ನೂ ಕಳಿಸಿದ್ದರು. ಅದನ್ನು ಕಟ್ಟಲು ಸಾಲ ಕೇಳಿಕೊಂಡು ನನ್ನ ಹತ್ತಿರ ಬಂದದ್ದರಿಂದ ವಿಷಯ ಹೊರಬಿತ್ತು. ರಿಸರ್ವ್ ಬ್ಯಾಂಕು ನಮ್ಮ ನಿಮ್ಮಂಥವರ ಖಾತೆ ಇಟ್ಟುಕೊಳ್ಳುವುದಿಲ್ಲ, ವಿದೇಶದಿಂದ ಬಂದ ಹಣ ಬಿಡುಗಡೆ ಮಾಡಲು ಯಾರಿಂದಲೂ ಶುಲ್ಕ ತೆಗೆದುಕೊಳ್ಳುವುದಿಲ್ಲ. ಇದನ್ನು ಅವರೇ ಎಷ್ಟೋ ಸಲ ಪ್ರಕಟಣೆ ಕೊಟ್ಟು ಹೇಳಿದ್ದಾರೆ. ವಾರಸಿನ ಹಣ ಹೊರದೇಶದಿಂದ ನಿಜಕ್ಕೂ ಬಂದರೆ ನೇರ ನಿಮ್ಮ ಬ್ಯಾಂಕಿಗೆ ಬರುತ್ತದೆ, ಯಾವ ಬಾಬ್ತು ಅಂತ ಬ್ಯಾಂಕಿನವರು ಕೇಳಿ ಕಾಗದ ತೆಗೆದುಕೊಳ್ಳುತ್ತಾರೆ. ಭಾರತದಲ್ಲಿ ವಾರಸು ತೆರಿಗೆ ಅನ್ನುವುದೂ ಇಲ್ಲ, ಇದ್ದ ಎಸ್ಟೇಟ್ ಡ್ಯೂಟಿಯನ್ನು 1985ರಲ್ಲೇ ತೆಗೆದುಹಾಕಿದರು. ಹಾಗಾಗಿ 'ಭಾರತ ಸರ್ಕಾರಕ್ಕೆ ವಾರಸು ತೆರಿಗೆ ಮುಂಗಡ' ಅಂತ ಕೇಳಿದರೂ ಸುಳ್ಳೇ.

ಮೇಲ್‌ಗಳ ಇಂಗ್ಲಿಷ್ ಅಷ್ಟು ಕೆಟ್ಟದಾಗಿತ್ತು, ಓದಿದ ಮೇಷ್ಟ್ರು ಹೇಗೆ ನಂಬಿದರು ಅಂತ ನನಗೆ ಸಿಟ್ಟು ಬಂದಿತ್ತು. ಆಮೇಲೆ ತಿಳಿಯಿತು, ಆ ಕೆಟ್ಟತನವೂ ಅವರಿಗೆ ಉಪಯೋಗವೇ. 2012ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕ ಕಾರ್ಮಾಕ್ ಹರ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಮೇಲ್ ಕಳಿಸಲು ಖರ್ಚಿಲ್ಲ, ಆದರೆ ಉತ್ತರ ಬರೆದವರ ಜೊತೆ ವಾರಗಟ್ಟಲೆ ಮಾತಾಡಲು ಸಮಯ ಬೇಕು. ಅನುಮಾನದವರು ಮೊದಲ ಮೇಲ್‌ಗೇ ನಕ್ಕು ಬಿಟ್ಟರೆ ವಂಚಕರ ಸಮಯ ಉಳಿಯುತ್ತದೆ. ಉತ್ತರ ಬರೆದವರು ಮಾತ್ರ ಜರಡಿಯಲ್ಲಿ ಉಳಿದ ಕಾಳು. ಅದಕ್ಕೇ ಹೇಳಿದ್ದು, ಬೈಯುವುದಕ್ಕೂ ಉತ್ತರ ಬರೆಯಬೇಡಿ. ಈ ಮೇಲ್ ಖಾತೆ ಜೀವಂತ ಇದೆ ಅಂತ ಅವರಿಗೆ ಗೊತ್ತಾಗುತ್ತದೆ.

ಹಣ ಕಳಿಸಿ ಆಗಿದ್ದರೆ

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮನೆಯವರಿಗೆ ಹೇಗೆ ಹೇಳುವುದು ಅಂತ ಆಮೇಲೆ ಯೋಚಿಸಿ. ಕೈಯಲ್ಲಿ ಇರಬೇಕಾದ್ದು ನಿಮ್ಮ ಖಾತೆ ನಂಬರ್, ಕಳಿಸಿದ ದಿನ ಮತ್ತು ಸಮಯ, ಮೊತ್ತ, ಹಣ ಹೋದ ಖಾತೆ, ಮತ್ತೆ ಯುಟಿಆರ್ ನಂಬರ್. ಯುಟಿಆರ್ ಅಂದರೆ ಪ್ರತಿ ಹಣ ವರ್ಗಾವಣೆಗೂ ಇರುವ ಗುರುತಿನ ನಂಬರ್, ಅದು ಬ್ಯಾಂಕಿನ ಎಸ್‌ಎಂಎಸ್‌ನಲ್ಲೋ ಸ್ಟೇಟ್‌ಮೆಂಟಿನಲ್ಲೋ ಇರುತ್ತದೆ. ದೂರು ದಾಖಲಾದರೆ ಹಣ ಯಾವ ಖಾತೆಯಿಂದ ಯಾವ ಖಾತೆಗೆ ಹೋಯಿತು ಅಂತ ಬ್ಯಾಂಕುಗಳು ಹಿಂಬಾಲಿಸಿ, ಇನ್ನೂ ಉಳಿದಿದ್ದಷ್ಟನ್ನು ತಡೆಹಿಡಿಯುತ್ತವೆ. ಹಾಗಾಗಿ ಎಲ್ಲವೂ ಸಮಯದ ಮೇಲೆ ನಿಂತಿದೆ. ಚಿಕ್ಕಪ್ಪನ ಮೊದಲ 18,500 ಹೋದ ದಿನವೇ ಎಟಿಎಂನಲ್ಲಿ ತೆಗೆದಾಗಿತ್ತು. ಎರಡನೇದನ್ನು ಕಳಿಸಿ ಒಂದು ದಿನ ಆಗಿತ್ತು, ಅದರಲ್ಲಿ 31,000 ಎರಡನೇ ಖಾತೆಯೊಂದರಲ್ಲಿ ಸಿಕ್ಕಿಬಿತ್ತು. ಅದು ಕೈಗೆ ಬರಲು ಕೋರ್ಟ್ ಆದೇಶ ಬೇಕಾಯಿತು, ತಿಂಗಳುಗಳು ಹಿಡಿದವು. ಉಳಿದದ್ದು ಹೋಯಿತು.

ಅದೇ ದಿನ cybercrime.gov.in ನಲ್ಲೂ ದೂರು ಹಾಕಿ, ಆಮೇಲೆ ಸೈಬರ್ ಅಪರಾಧಗಳನ್ನು ನೋಡುವ ನಿಮ್ಮ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಮೇಲ್‌ಗಳ ಸ್ಕ್ರೀನ್‌ಶಾಟ್ ಒಂದೇ ಸಾಲದು. ಮೂರು ಚುಕ್ಕೆಯ ಮೆನುವಿನಲ್ಲಿ Download message ಒತ್ತಿ .eml ಫೈಲ್ ಆಗಿ ಇಟ್ಟುಕೊಳ್ಳಿ, ಮೇಲ್ ಬಂದ ದಾರಿ ಅದರಲ್ಲಿ ಪೂರ್ತಿ ಇರುತ್ತದೆ. ಸಿಟ್ಟಿನಲ್ಲಿ ಮೇಲ್ ಡಿಲೀಟ್ ಮಾಡುವುದು, ವಾಟ್ಸಾಪ್ ಚಾಟ್ ಅಳಿಸುವುದು ಬೇಡ.

ಬ್ಯಾಂಕಿನ ವಿಷಯದಲ್ಲಿ ಒಂದು ಮಾತು ಮುಂಚೆಯೇ ತಿಳಿದಿರಲಿ. ಮೂರು ಕೆಲಸದ ದಿನದೊಳಗೆ ಹೇಳಿದರೆ ಗ್ರಾಹಕರಿಗೆ ನಷ್ಟ ಇಲ್ಲ ಅನ್ನುವ ರಿಸರ್ವ್ ಬ್ಯಾಂಕಿನ 2017ರ ನಿಯಮ ಇರುವುದು ನಿಮಗೆ ಗೊತ್ತಿಲ್ಲದೆ ನಡೆದ ವ್ಯವಹಾರಕ್ಕೆ. ನೀವೇ ಕೂತು ಕಳಿಸಿದ ಹಣಕ್ಕೆ ಅದು ಅನ್ವಯಿಸುವುದಿಲ್ಲ ಅಂತ ಬ್ಯಾಂಕಿನವರು ಹೇಳುತ್ತಾರೆ. ಅದಕ್ಕೆ ಅಲ್ಲಿ ಜಗಳ ಆಡುತ್ತಾ ಸಮಯ ಕಳೆಯುವ ಬದಲು 1930 ಮೊದಲು.

ಹಣ ಕಳಿಸದೆ ಆಧಾರ್, ಪ್ಯಾನ್, ಪಾಸ್‌ಪೋರ್ಟ್ ನಕಲು ಮಾತ್ರ ಕಳಿಸಿದ್ದರೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ, sancharsaathi.gov.in ನಲ್ಲಿ ನಿಮ್ಮ ಹೆಸರಿನಲ್ಲಿ ಬೇರೆ ಸಿಮ್ ಇದೆಯಾ ನೋಡಿ, ಕೆಲವು ತಿಂಗಳು ಕ್ರೆಡಿಟ್ ರಿಪೋರ್ಟ್ ಗಮನಿಸಿ. 'ನಿಮ್ಮ ಖಾತೆಗೆ ಸ್ವಲ್ಪ ಹಣ ಹಾಕುತ್ತೇವೆ, ಮುಂದಕ್ಕೆ ಕಳಿಸಿ' ಅಂತ ಅವರು ಕೇಳಿದರೆ ಒಪ್ಪಲೇಬೇಡಿ. ಆಗ ಮ್ಯೂಲ್ ಖಾತೆ ನಿಮ್ಮದೇ ಆಗುತ್ತದೆ, ಪೊಲೀಸರು ಬರುವುದು ನಿಮ್ಮ ಮನೆಗೆ.

ಎರಡು ಮೂರು ತಿಂಗಳ ಮೇಲೆ ಇನ್ನೊಂದು ಮೇಲ್ ಬರಬಹುದು. 'ವಂಚಕರನ್ನು ಹಿಡಿದಿದ್ದೇವೆ, ನಿಮ್ಮ ಪರಿಹಾರದ ಹಣ ಸಿದ್ಧವಿದೆ, ಸಣ್ಣ ಶುಲ್ಕ ಕಟ್ಟಿ' ಅಂತ. ನೈಜೀರಿಯಾದ ಆರ್ಥಿಕ ಅಪರಾಧ ತನಿಖಾ ಸಂಸ್ಥೆಯ ಹೆಸರಿನಲ್ಲೋ, ಇಂಟರ್‌ಪೋಲ್ ಹೆಸರಿನಲ್ಲೋ ಬರುತ್ತದೆ. ಒಮ್ಮೆ ಕೊಟ್ಟವರ ಪಟ್ಟಿಯನ್ನು ಇವರು ಒಬ್ಬರಿಂದೊಬ್ಬರು ಕೊಳ್ಳುತ್ತಾರೆ. ಚಿಕ್ಕಪ್ಪನಿಗೂ ಬಂತು. ಈ ಸಲ ಓದದೆ ನನಗೆ ಫಾರ್ವರ್ಡ್ ಮಾಡಿದರು.

ನಿಜವಾಗಿ ಹಣ ಇದ್ದರೆ?

ಇರಬಹುದು, ಯಾಕಿಲ್ಲ. ದುಬೈಯಲ್ಲಿ ದುಡಿದ ಮಾವ, ಅಮೆರಿಕದಲ್ಲಿ ನೆಲೆಸಿದ ದೊಡ್ಡಪ್ಪ ಎಷ್ಟೋ ಮನೆಗಳಲ್ಲಿ ಇದ್ದಾರೆ. ನಿಜವಾದ ವಕೀಲರ ಪತ್ರದಲ್ಲಿ ಸತ್ತವರ ಪೂರ್ತಿ ಹೆಸರು, ವಿಳಾಸ, ಹುಟ್ಟಿದ ದಿನ ಇರುತ್ತದೆ, ನೀವು ಅವರಿಗೆ ಏನಾಗಬೇಕು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಅವರು ಕೇಳುವುದು ಕಾಗದ: ಮರಣ ಪ್ರಮಾಣಪತ್ರ, ತಹಸೀಲ್ದಾರರಿಂದ ವಂಶವೃಕ್ಷ, ಗುರುತಿನ ಚೀಟಿ, ಕೆಲವಕ್ಕೆ ಹೊರದೇಶದಲ್ಲಿ ನಡೆಯಲು ಸರ್ಕಾರ ಹಾಕಿಕೊಡುವ ದೃಢೀಕರಣ, ಅಂದರೆ ಅಪೊಸ್ಟಿಲ್. ಗುಟ್ಟಾಗಿಡಿ ಅನ್ನುವುದಿಲ್ಲ, ಅವಸರ ಮಾಡುವುದಿಲ್ಲ. ವಾರಸುದಾರರನ್ನು ಹುಡುಕುವ ಕಂಪನಿಗಳೂ ಇವೆ, ಅವು ಸಾಮಾನ್ಯವಾಗಿ ಸಿಕ್ಕ ಹಣದಲ್ಲಿ ಪಾಲು ತೆಗೆದುಕೊಳ್ಳುತ್ತವೆ. ಅಮೆರಿಕದ ರಾಜ್ಯಗಳಲ್ಲಿ ಯಾರೂ ಕೇಳದ ಹಣವನ್ನು missingmoney.com ನಲ್ಲಿ ಪುಕ್ಕಟೆ ಹುಡುಕಬಹುದು. ಕೊಲ್ಲಿ ದೇಶದಲ್ಲಿ ತೀರಿಕೊಂಡವರ ಬಾಕಿ ಸಂಬಳ, ಪರಿಹಾರದ ವಿಷಯಕ್ಕೆ ಅಲ್ಲಿನ ಭಾರತೀಯ ರಾಯಭಾರ ಕಚೇರಿ ಇದೆ, ದೂರು ಹಾಕಲು madad.gov.in ಇದೆ.

ನಮ್ಮಲ್ಲೇ ಉಳಿದುಹೋದ ಹಣಕ್ಕೆ ರಿಸರ್ವ್ ಬ್ಯಾಂಕಿನ udgam.rbi.org.in ಇದೆ, 2023ರ ಆಗಸ್ಟ್‌ನಲ್ಲಿ ಶುರುವಾದದ್ದು. ಹತ್ತು ವರ್ಷ ಯಾರೂ ಮುಟ್ಟದ ಖಾತೆಗಳನ್ನು ಅಲ್ಲಿ ಹುಡುಕಬಹುದು. ನಿಮ್ಮ ಮೊಬೈಲ್ ನಂಬರಿನಿಂದ ನೋಂದಾಯಿಸಿ, ಖಾತೆದಾರರ ಹೆಸರು ಹಾಕಿ, ಬ್ಯಾಂಕ್ ಆರಿಸಿ, ಜೊತೆಗೆ ಪ್ಯಾನ್, ವೋಟರ್ ಐಡಿ, ಹುಟ್ಟಿದ ದಿನ ಇಂಥದ್ದೊಂದು ಕೊಟ್ಟರೆ ಸಾಕು. ಹುಡುಕಾಟ ಅಲ್ಲಿ, ಹಣ ಕೇಳಬೇಕಾದ್ದು ಮಾತ್ರ ಬ್ಯಾಂಕಿನ ಬ್ರಾಂಚಿನಲ್ಲಿ. ಹೆಸರಿನ ಸ್ಪೆಲಿಂಗ್ ಎರಡು ಮೂರು ರೀತಿ ಹಾಕಿ ನೋಡಿ, ಹಳೇ ಪಾಸ್‌ಬುಕ್ಕುಗಳಲ್ಲಿ ಗುಮಾಸ್ತರು ತಮಗೆ ತೋಚಿದ ಹಾಗೆ ಬರೆದಿರುತ್ತಾರೆ.

ಚಿಕ್ಕಪ್ಪ ಅದನ್ನೂ ಹುಡುಕಿದರು. ನಮ್ಮ ಅಜ್ಜಿಯ ಹೆಸರಿನಲ್ಲಿ ಒಂದು ಹಳೇ ಉಳಿತಾಯ ಖಾತೆ ಸಿಕ್ಕಿತು. ಬ್ರಾಂಚಿನಲ್ಲಿ ಅರ್ಜಿ ಬರೆದು, ಮರಣ ಪ್ರಮಾಣಪತ್ರ ಕೊಟ್ಟು, ಅಣ್ಣ ತಮ್ಮ ಅಕ್ಕ ತಂಗಿ ಎಲ್ಲರ ಸಹಿ ಹಾಕಿಸಿ ಒಂದೂವರೆ ತಿಂಗಳು ಓಡಾಡಿದರು. ಶುಲ್ಕ ಅಂತ ಯಾರೂ ಒಂದು ರೂಪಾಯಿ ಕೇಳಲಿಲ್ಲ. ಬಂದದ್ದು 6,340 ರೂಪಾಯಿ. ಐದು ಜನಕ್ಕೆ ಹಂಚಿ ತಮ್ಮ ಪಾಲಿನ 1,268 ತಂದು ಚಿಕ್ಕಮ್ಮನ ಕೈಗೆ ಕೊಟ್ಟರು. ಅವರು ಎಣಿಸಿ ನೋಡಿ, 'ಲಂಡನ್ನಿಂದ ಬಂತಾ?' ಅಂತ ಕೇಳಿದರು.